ತೊಳೆದರೆ ಏನು ಹೋಗುತ್ತದೆ, ಏನು ಉಳಿಯುತ್ತದೆ: ತರಕಾರಿ, ಹಣ್ಣು ತೊಳೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಬಂದ ನೆಂಟರು, ಪತ್ರ ಬರೆಯುವ ಓದುಗರು, ಸಂತೆಯಲ್ಲಿ ಪಕ್ಕದಲ್ಲಿ ನಿಂತು ಸೊಪ್ಪು ಆರಿಸುವವರು ವರ್ಷಗಳಿಂದ ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭವಾದವು ಮೊದಲು, ತೊಡಕಿನವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಅರ್ಥವಾಗುತ್ತದೆ.

## ಮೊದಲಿಗೆ ಕೇಳುವವು

ಬರೀ ನೀರಿನಲ್ಲಿ ತೊಳೆದರೆ ಸಾಕೇ? ಗಿಡಕ್ಕೆ ಹೊಡೆದ ಔಷಧಿ ಅಷ್ಟು ಸುಲಭವಾಗಿ ಹೋಗುತ್ತದೆಯೇ?

ಮೇಲ್ಮೈಯಲ್ಲಿ ಕುಳಿತಿರುವುದರಲ್ಲಿ ಸಾಕಷ್ಟು ಭಾಗ ಹೋಗುತ್ತದೆ. ಅಮೆರಿಕದ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರದವರು ಇದನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. 12 ಔಷಧಿಗಳ ಪೈಕಿ 9ರ ಶೇಷ ನಲ್ಲಿ ನೀರಿನಲ್ಲಿ ತೊಳೆದಾಗ ಗಣನೀಯವಾಗಿ ಇಳಿದಿತ್ತು. ಅದಕ್ಕಿಂತ ಮುಖ್ಯವಾದದ್ದು ಅವರು ಕಂಡ ಇನ್ನೊಂದು ಸಂಗತಿ. ನೀರಿನಲ್ಲಿ ಚೆನ್ನಾಗಿ ಕರಗುವ ಔಷಧಿಯೇ ಹೆಚ್ಚು ಹೋಗುತ್ತದೆ ಎಂದು ನಾವು ಊಹಿಸುತ್ತೇವೆ, ಆದರೆ ಹಾಗಾಗಲಿಲ್ಲ. ಔಷಧಿ ಕರಗುವ ಗುಣಕ್ಕೂ ಅದು ತೊಳೆದು ಹೋಗುವುದಕ್ಕೂ ಹೊಂದಿಕೆಯೇ ಕಾಣಲಿಲ್ಲ. ಕೆಲಸ ಮಾಡಿದ್ದು ಹರಿಯುವ ನೀರಿನ ಒತ್ತು ಮತ್ತು ಉಜ್ಜುವಿಕೆ.

ಹಾಗಾಗಿ ಬೋಗುಣಿಯಲ್ಲಿ ಒಮ್ಮೆ ಅದ್ದಿ ತೆಗೆಯುವುದನ್ನು ನಾನು ತೊಳೆಯುವುದು ಎನ್ನುವುದಿಲ್ಲ. ನಲ್ಲಿಯ ಕೆಳಗೆ ಹಿಡಿದು ಬೆರಳಿನಿಂದ ಎಲ್ಲ ಬದಿಯನ್ನೂ ಅರ್ಧ ನಿಮಿಷ ಉಜ್ಜಬೇಕು. ಆಲೂಗಡ್ಡೆ, ಕ್ಯಾರೆಟ್, ಸೌತೆಕಾಯಿಯಂಥ ಗಟ್ಟಿ ಸಿಪ್ಪೆಯವಕ್ಕೆ ಅಡುಗೆಮನೆಗೇ ಮೀಸಲಿಟ್ಟ ಮೆತ್ತನೆಯ ಬ್ರಷ್ ಇರಲಿ. ಅದೇ ಪರೀಕ್ಷೆಯಲ್ಲಿ ಕ್ಲೋರ್‌ಪೈರಿಫಾಸ್ ಸೇರಿದಂತೆ 3 ಔಷಧಿಗಳು ನೀರಿಗೆ ಜಗ್ಗಲಿಲ್ಲ ಎಂಬುದನ್ನೂ ಹೇಳಬೇಕು.

ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿದರೆ ಇನ್ನೂ ಚೆನ್ನಲ್ಲವೇ?

ಬೇಡ. ತರಕಾರಿಯ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಸೋಪು ಅಲ್ಲಿ ಸೇರಿಕೊಂಡರೆ ಎಷ್ಟು ತೊಳೆದರೂ ಪೂರ್ತಿ ಬರುವುದಿಲ್ಲ, ಅದು ಹೊಟ್ಟೆಗೆ ಹೋಗುವ ವಸ್ತುವೂ ಅಲ್ಲ. ಅಂಗಡಿಯಲ್ಲಿ ಸಿಗುವ ತರಕಾರಿ ತೊಳೆಯುವ ದ್ರವಗಳ ಬಗ್ಗೆಯೂ ಕೇಳುತ್ತಾರೆ. ಕನೆಕ್ಟಿಕಟ್‌ನವರು ಅಂಥವನ್ನೂ ಪರೀಕ್ಷಿಸಿದ್ದರು. ಬರೀ ನೀರಿಗಿಂತ ಅವು ಮೇಲು ಎನ್ನುವಂಥದ್ದೇನೂ ಕಾಣಲಿಲ್ಲ. ಆ ಹಣಕ್ಕೆ ಇನ್ನೊಂದು ಕಟ್ಟು ಸೊಪ್ಪು ಬರುತ್ತದೆ.

ಸಂತೆಯಿಂದ ತಂದ ತಕ್ಷಣ ಎಲ್ಲವನ್ನೂ ತೊಳೆದು ಫ್ರಿಜ್‌ನಲ್ಲಿಡುತ್ತೇನೆ. ಸರಿಯೇ?

ಅನೇಕರ ರೂಢಿ ಇದು, ಆದರೆ ನನ್ನ ಸಲಹೆ ಬೇರೆ. ಒದ್ದೆಯಾಗಿ ಒಳಗಿಟ್ಟ ಸೊಪ್ಪು ಎರಡೇ ದಿನಕ್ಕೆ ಕೊಳೆಯುತ್ತದೆ. ಕೊಳೆತ ಎಲೆಯಿಂದ ಒಸರುವ ರಸದಲ್ಲಿ ರೋಗಾಣುಗಳು ಚೆನ್ನಾಗಿ ಬೆಳೆಯುತ್ತವೆ. ಮಣ್ಣು ಕೊಡವಿ, ಹಳದಿ ಎಲೆ ತೆಗೆದು, ಒಣ ಬಟ್ಟೆಯಲ್ಲಿ ಸುತ್ತಿಟ್ಟು, ಬಳಸುವ ಹೊತ್ತಿಗೆ ತೊಳೆಯಿರಿ. ತೊಳೆದೇ ಇಡಬೇಕೆಂದಿದ್ದರೆ ಬಟ್ಟೆಯ ಮೇಲೆ ಹರಡಿ ನೀರಿನ ಪಸೆ ಪೂರ್ತಿ ಆರುವವರೆಗೆ ಬಿಡಿ.

ಇನ್ನೊಂದು ಮಾತು. ಹೆಚ್ಚುವುದಕ್ಕೆ ಮುಂಚೆ ತೊಳೆಯಬೇಕು, ಹೆಚ್ಚಿದ ಮೇಲಲ್ಲ. ತೊಳೆಯದ ಕಾಯಿಯನ್ನು ಹೆಚ್ಚಿದರೆ ಸಿಪ್ಪೆಯ ಮೇಲಿನ ಕೊಳೆಯನ್ನು ಚಾಕುವೇ ತಿರುಳಿಗೆ ಒಯ್ಯುತ್ತದೆ. ಸಿಪ್ಪೆ ಬಿಸಾಡುವ ಕಲ್ಲಂಗಡಿ, ಕರಬೂಜಕ್ಕೂ ಇದೇ ಮಾತು. 2011ರಲ್ಲಿ ಅಮೆರಿಕದ ಕೊಲೊರಾಡೊದ ಒಂದು ಹೊಲದ ಕರಬೂಜದಿಂದ ಲಿಸ್ಟೀರಿಯಾ ಎಂಬ ರೋಗಾಣು ಹರಡಿ 33 ಜನ ಸತ್ತರು. ಕರಬೂಜದ ಬಲೆಯಂಥ ಒರಟು ಸಿಪ್ಪೆಯಲ್ಲಿ ರೋಗಾಣು ಅಂಟಿ ಕೂರಲು ಬೇಕಾದಷ್ಟು ಜಾಗವಿದೆ. ಅದನ್ನು ಬ್ರಷ್ ಹಾಕಿ ಉಜ್ಜಿ, ಒರೆಸಿ, ಆಮೇಲೆ ಕೊಯ್ಯಿರಿ.

ಔಷಧಿ, ರೋಗಾಣು, ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು?

ಇವೆರಡನ್ನೂ ಒಂದೇ ಎಂದುಕೊಂಡಿರುವುದರಿಂದಲೇ ಅರ್ಧ ಗೊಂದಲ. ಔಷಧಿ ಒಂದು ರಾಸಾಯನಿಕ. ಅದು ಬೆಳೆಯುವುದಿಲ್ಲ, ಬೇಯಿಸಿದರೆ ಸಾಯುವುದೂ ಇಲ್ಲ. ತಿನ್ನುವ ಪ್ರಮಾಣದಲ್ಲಿ ಅದರ ಚಿಂತೆ ವರ್ಷಗಟ್ಟಲೆ ಸೇರುವುದರ ಚಿಂತೆ. ರೋಗಾಣು ಜೀವಂತ. ಒಂದು ರಾತ್ರಿಯಲ್ಲಿ ಲಕ್ಷವಾಗುತ್ತದೆ, ಮರುದಿನವೇ ವಾಂತಿ ಭೇದಿ ತರಬಲ್ಲದು, ಆದರೆ ಕುದಿಸಿದರೆ ಸಾಯುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಲ್ಲಿ ಶ್ರಮ ಹಾಕಬೇಕೆಂದು ತಿಳಿಯುತ್ತದೆ. ಹುಳಿಗೆ ಹಾಕುವ ಬದನೆಕಾಯಿಯಲ್ಲಿ ಔಷಧಿಯ ಚಿಂತೆ ಮಾಡಿ, ರೋಗಾಣುವಿನದನ್ನು ಒಲೆ ನೋಡಿಕೊಳ್ಳುತ್ತದೆ. ಕೋಸಂಬರಿಯ ಸೌತೆಕಾಯಿಯಲ್ಲಿ ಎರಡರ ಚಿಂತೆಯೂ ನಿಮ್ಮದೇ. ಸಾರು ಇಳಿಸಿದ ಮೇಲೆ ಉದುರಿಸುವ ಕೊತ್ತಂಬರಿ ಸೊಪ್ಪನ್ನು ನಾವು ಹಸಿಯೆಂದು ಎಣಿಸುವುದೇ ಇಲ್ಲ. ಅದು ಹಸಿಯೇ.

## ನಮ್ಮ ಮನೆಗಳ ರೂಢಿಗಳು

ಕೊತ್ತಂಬರಿ, ಮೆಂತ್ಯ, ದಂಟಿನ ಸೊಪ್ಪು ಎಷ್ಟು ಸಲ ತೊಳೆದರೂ ಅಡುಗೆಯಲ್ಲಿ ಮಣ್ಣು ಸಿಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಬಹುಶಃ ನೀರನ್ನು ಬಗ್ಗಿಸುವುದರಲ್ಲಿ. ತಳಕ್ಕಿಳಿದ ಮಣ್ಣು, ಪಾತ್ರೆ ಬಗ್ಗಿಸಿದಾಗ ತಿರುಗಿ ಸೊಪ್ಪಿನ ಮೇಲೆಯೇ ಬಂದು ಕೂರುತ್ತದೆ. ನೀರು ಚೆಲ್ಲಬೇಡಿ, ಸೊಪ್ಪನ್ನು ಎತ್ತಿ.

ಒಂದು ಕಟ್ಟು ಕೊತ್ತಂಬರಿಯನ್ನು ನಾನು ಮಾಡುವ ಕ್ರಮ ಹೀಗಿದೆ. ಮೊದಲು ದಾರ ಬಿಚ್ಚುತ್ತೇನೆ, ಏಕೆಂದರೆ ಕಟ್ಟಿನ ನಡುವೆ ನೀರು ನುಗ್ಗುವುದೇ ಇಲ್ಲ. ಬೇರನ್ನೂ ಬೇರಿಗೆ ತಾಗಿದ ಅರ್ಧ ಇಂಚು ದಂಟನ್ನೂ ಕತ್ತರಿಸಿ ಬಿಸಾಡುತ್ತೇನೆ. ಕೊಳೆತದ್ದು, ಹಳದಿಯಾದದ್ದು ಅಲ್ಲೇ ಹೊರಗೆ. ಬಳಿಕ ಸೊಪ್ಪು ಸಲೀಸಾಗಿ ತೇಲುವಷ್ಟು ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ, ಸೊಪ್ಪನ್ನು ಬಿಟ್ಟು ಕೈಯಾಡಿಸಿ, ಎರಡು ನಿಮಿಷ ಸುಮ್ಮನೆ ಬಿಡುತ್ತೇನೆ. ಈ ಎರಡು ನಿಮಿಷದಲ್ಲಿ ಮಣ್ಣು ಕೆಳಗಿಳಿಯುತ್ತದೆ. ಆಮೇಲೆ ಎರಡೂ ಕೈಯನ್ನು ಬೆರಳಗಲಿಸಿ ಒಳಗಿಟ್ಟು, ತಳ ಕದಡದಂತೆ ಸೊಪ್ಪನ್ನು ಮೇಲಕ್ಕೆತ್ತಿ ತೂತಿನ ಬುಟ್ಟಿಗೆ ಹಾಕುತ್ತೇನೆ. ಪಾತ್ರೆಯ ತಳಕ್ಕೆ ಬೆರಳು ಸವರಿ ನೋಡುತ್ತೇನೆ. ಮರಳು ಬೆರಳಿಗೆ ತಾಗಿದರೆ ಹೊಸ ನೀರು, ಮತ್ತೊಂದು ಸುತ್ತು. ಸಾಮಾನ್ಯವಾಗಿ ಮೂರನೆಯ ನೀರಿಗೆ ತಳ ನುಣುಪಾಗುತ್ತದೆ, ಮಳೆಗಾಲದಲ್ಲಿ ನಾಲ್ಕು ಬೇಕಾಗುತ್ತದೆ. ಕೊನೆಗೆ ಬುಟ್ಟಿಯನ್ನು ನಲ್ಲಿಯ ಕೆಳಗಿಟ್ಟು ಒಮ್ಮೆ ಜಾಲಾಡಿ, ಬಟ್ಟೆಯ ಮೇಲೆ ಹರಡುತ್ತೇನೆ.

ಔಷಧಿ ಹೋಯಿತೇ ಎಂದು ಕಣ್ಣಿನಿಂದ ತಿಳಿಯಲು ದಾರಿಯಿಲ್ಲ. ಮೂಗಿನಿಂದಲೂ ಇಲ್ಲ. ತಳದ ಮಣ್ಣೊಂದೇ ನಮಗೆ ಕಾಣುವ ಗುರುತು. ಮಣ್ಣು ಇನ್ನೂ ಬರುತ್ತಿದೆಯೆಂದರೆ ಅದರೊಂದಿಗಿನ ಉಳಿದದ್ದೂ ಬರುವುದಿದೆ.

ಉಪ್ಪು, ಅರಿಶಿನದ ನೀರಿನಲ್ಲಿ ನೆನೆಸುವುದು ನಮ್ಮ ಅಜ್ಜಿಯ ಕಾಲದಿಂದ ಬಂದದ್ದು. ಅದು ಸುಳ್ಳೇ?

ಸುಳ್ಳಲ್ಲ, ಆದರೆ ಅಜ್ಜಿ ಅದನ್ನು ಮಾಡುತ್ತಿದ್ದ ಕಾರಣವೇ ಬೇರೆ. ಹೂಕೋಸಿನ ಹೂಗಳನ್ನು ಬಿಡಿಸಿ ಉಗುರು ಬೆಚ್ಚಗಿನ ಉಪ್ಪು ನೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಒಳಗೆ ಅಡಗಿದ ಹಸಿರು ಹುಳುಗಳು ಹೊರಬಂದು ತೇಲುತ್ತವೆ. ಆ ಕೆಲಸಕ್ಕೆ ಉಪ್ಪು ನೀರಿಗೆ ಸಾಟಿಯಿಲ್ಲ.

ಔಷಧಿಯ ವಿಷಯದಲ್ಲಿ ಉಪ್ಪು ನೀರು ಕೆಲವು ಪರೀಕ್ಷೆಗಳಲ್ಲಿ ಬರೀ ನೀರಿಗಿಂತ ಸ್ವಲ್ಪ ಮೇಲೆನಿಸಿದೆ. ಯಾವ ಔಷಧಿ, ಯಾವ ತರಕಾರಿ ಎಂಬುದರ ಮೇಲೆ ಫಲ ಬದಲಾಗುತ್ತದೆ. ಬಳಸುವುದಾದರೆ ಅಳತೆ ಸರಿಯಿರಲಿ. ಲೀಟರ್ ನೀರಿಗೆ 20 ಗ್ರಾಂ, ಅಂದರೆ ಊಟದ ಚಮಚದಲ್ಲಿ ಕೋಡಿಟ್ಟು ಒಂದು ಚಮಚ ಉಪ್ಪು. ಚಿಟಿಕೆ ಉಪ್ಪು ಹಾಕಿದ ನೀರು ಬರೀ ನೀರೇ. ನೆನೆಸಿದ ಮೇಲೆ ನಲ್ಲಿಯ ಕೆಳಗೆ ಉಜ್ಜಿ ತೊಳೆಯುವುದನ್ನು ಬಿಡಬೇಡಿ. ಈ ಉಪ್ಪು ರೋಗಾಣುವನ್ನು ಕೊಲ್ಲುವಷ್ಟು ಗಾಢವಲ್ಲ. ಅರಿಶಿನ ನೀರಿನಲ್ಲಿ ಹೆಚ್ಚು ಕರಗುವುದೇ ಇಲ್ಲ. ತೊಳೆಯುವ ನೀರಿಗೆ ಅದನ್ನು ಹಾಕಿ ಏನನ್ನೂ ನಿರೀಕ್ಷಿಸಬೇಡಿ, ಒಗ್ಗರಣೆಗೆ ಇಟ್ಟುಕೊಳ್ಳಿ.

ಅಡುಗೆ ಸೋಡಾ ಬಗ್ಗೆ ಎಲ್ಲರೂ ಹೇಳುತ್ತಾರೆ. ನಿಜವಾಗಿ ಕೆಲಸ ಮಾಡುತ್ತದೆಯೇ?

ಮಾಡುತ್ತದೆ. ಮನೆಮದ್ದುಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ, ಏಕೆಂದರೆ ಕಾರಣ ಸ್ಪಷ್ಟವಾಗಿದೆ. ಸೋಡಾ ನೀರು ಕ್ಷಾರ. ಹಲವು ಕೀಟನಾಶಕಗಳ ಅಣುಗಳು ಕ್ಷಾರದಲ್ಲಿ ಒಡೆಯುತ್ತವೆ. ಹೀಗೆ ಉಜ್ಜುವಿಕೆಯ ಜೊತೆಗೆ ರಾಸಾಯನಿಕ ಸಹಾಯವೂ ಸಿಗುತ್ತದೆ.

ಈ ಮಾತಿಗೆ ಆಧಾರವಾದ ಹೆಸರಾಂತ ಪ್ರಯೋಗ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ್ದು, 2017ರದ್ದು. ಗಾಲಾ ಸೇಬಿನ ಮೇಲೆ ಥಯಾಬೆಂಡಜೋಲ್ ಎಂಬ ಶಿಲೀಂಧ್ರನಾಶಕ ಮತ್ತು ಫಾಸ್ಮೆಟ್ ಎಂಬ ಕೀಟನಾಶಕವನ್ನು ಹಚ್ಚಿ, 24 ಗಂಟೆ ಬಿಟ್ಟು, ಬೇರೆ ಬೇರೆ ರೀತಿಯಲ್ಲಿ ತೊಳೆದರು. ಲೀಟರಿಗೆ 10 ಗ್ರಾಂ ಸೋಡಾ ಹಾಕಿದ ನೀರು ಮೇಲ್ಮೈಯ ಥಯಾಬೆಂಡಜೋಲನ್ನು 12 ನಿಮಿಷದಲ್ಲಿ, ಫಾಸ್ಮೆಟನ್ನು 15 ನಿಮಿಷದಲ್ಲಿ ಪೂರ್ತಿ ತೆಗೆಯಿತು. ಬರೀ ನೀರಿಗೂ ಬ್ಲೀಚ್ ನೀರಿಗೂ ಅಷ್ಟಾಗಲಿಲ್ಲ.

ಸುದ್ದಿ ಇಷ್ಟಕ್ಕೇ ನಿಂತುಬಿಡುತ್ತದೆ. ಮುಂದಿನ ಸಾಲು ಮುಖ್ಯ. ಹಚ್ಚಿದ ಥಯಾಬೆಂಡಜೋಲ್‌ನಲ್ಲಿ ಸುಮಾರು ಶೇಕಡಾ 20 ಭಾಗ ಆ ಒಂದು ದಿನದಲ್ಲೇ ಸಿಪ್ಪೆಯೊಳಗೆ ಇಳಿದಿತ್ತು. ಅದನ್ನು ಸೋಡಾ ಮುಟ್ಟಲಿಲ್ಲ. ಪ್ರಯೋಗ ನಡೆದದ್ದು ಒಂದು ಹಣ್ಣು, ಎರಡು ಔಷಧಿಗಳ ಮೇಲೆ ಎಂಬುದೂ ನೆನಪಿರಲಿ.

ಮನೆಯಲ್ಲಿ ಮಾಡುವುದು ಸುಲಭ. ಲೀಟರ್ ನೀರಿಗೆ ಮಟ್ಟ ಮಾಡಿದ ಎರಡು ಟೀ ಚಮಚ ಅಡುಗೆ ಸೋಡಾ, 12ರಿಂದ 15 ನಿಮಿಷ, ನಡುವೆ ಎರಡು ಸಲ ಕೈಯಾಡಿಸಿ, ಕೊನೆಗೆ ಹರಿಯುವ ನೀರಿನಲ್ಲಿ ಉಜ್ಜಿ. ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಬೇರೆ, ಕೇಕಿಗೆ ಹಾಕುವ ಬೇಕಿಂಗ್ ಪೌಡರ್ ಬೇರೆ, ಎರಡೂ ಬೇಡ. ಸೇಬು, ಟೊಮ್ಯಾಟೊ, ಡೊಣ್ಣೆ ಮೆಣಸಿನಕಾಯಿ, ದ್ರಾಕ್ಷಿಗೆ ಇದು ಹೊಂದುತ್ತದೆ. ಸೊಪ್ಪಿಗೆ ನಾನು ಬಳಸುವುದಿಲ್ಲ. ಎಲೆಯ ಮಡಿಕೆಯಲ್ಲಿ ಸೋಡಾ ಉಳಿದು ರುಚಿ ಕೆಡುತ್ತದೆ.

ವಿನೆಗರ್ ಅಥವಾ ಹುಣಸೆಹಣ್ಣಿನ ನೀರು? ಸೋಡಾ ಜೊತೆ ವಿನೆಗರ್ ಸೇರಿಸಿದರೆ ಬಲ ಹೆಚ್ಚುವುದಿಲ್ಲವೇ?

ಎರಡನ್ನೂ ಸೇರಿಸಿದರೆ ಬುಸ್ಸೆಂದು ನೊರೆ ಬರುತ್ತದೆ, ನೋಡಲು ಏನೋ ನಡೆಯುತ್ತಿರುವಂತೆ ಕಾಣುತ್ತದೆ. ಆಗಿರುವುದು ಇಷ್ಟೇ: ಹುಳಿ ಕ್ಷಾರವನ್ನು ಕೊಂದಿದೆ, ಕ್ಷಾರ ಹುಳಿಯನ್ನು ಕೊಂದಿದೆ. ಎರಡರಲ್ಲಿ ಒಂದನ್ನು ಮಾತ್ರ ಬಳಸಿ.

ಹುಳಿಯ ಗುಣ ಬೇರೆ. ಒಂದು ಪಾಲು ವಿನೆಗರಿಗೆ ಮೂರು ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಟ್ಟರೆ ರೋಗಾಣುಗಳು ಒಂದಷ್ಟು ತಗ್ಗುತ್ತವೆ. ಸುಣ್ಣ, ತಾಮ್ರ ಸೇರಿದ ಕಲೆಗಳೂ ಹುಳಿಗೆ ಸಡಿಲವಾಗುತ್ತವೆ. ಹುಣಸೆಹಣ್ಣಿನ ನೀರೂ ಈ ಜಾತಿಯದೇ. ಕೇರಳ ಕೃಷಿ ವಿಶ್ವವಿದ್ಯಾಲಯದವರು ಕೆಲವು ತರಕಾರಿಗಳಿಗೆ ಅದನ್ನು ಸೂಚಿಸಿದ್ದಾರೆ. ಖರ್ಚಿಲ್ಲದ ದಾರಿ. ಗೊಜ್ಜಿನಷ್ಟು ಗಟ್ಟಿ ಬೇಡ, ತಿಳಿಯಾಗಿ ಕಿವುಚಿ ಸೋಸಿದರೆ ಸಾಕು.

ದ್ರಾಕ್ಷಿಯ ಮೇಲೆ ಬಿಳಿ ಪುಡಿ ಇರುತ್ತದೆ. ಅದೆಲ್ಲ ಔಷಧಿಯೇ?

ಎಲ್ಲವೂ ಅಲ್ಲ. ಹೆಚ್ಚಿನ ಸಲ ನೀವು ನೋಡುವುದು ಹಣ್ಣು ತಾನೇ ಮಾಡಿಕೊಂಡ ಮೇಣದ ತೆಳು ಪದರ. ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಹತ್ತಿರದಿಂದ ನೋಡಿ. ಇಡೀ ಹಣ್ಣಿಗೆ ಒಂದೇ ಸಮನಾಗಿ ಮಂಜು ಕವಿದಂತಿರುತ್ತದೆ, ಬೆರಳಿನಿಂದ ಸವರಿದ ಕಡೆ ಕಪ್ಪಗೆ ಹೊಳೆಯುತ್ತದೆ. ಅದು ಮೇಣ, ಅದರಿಂದ ಅಪಾಯವಿಲ್ಲ. ಸಿಂಪಡಣೆಯ ಕಲೆ ಹಾಗಿರುವುದಿಲ್ಲ. ಹನಿ ಒಣಗಿದ ಹಾಗೆ ಅಂಚುಳ್ಳ ಚುಕ್ಕೆಗಳು, ಹಣ್ಣಿನ ಒಂದೇ ಬದಿಗೆ ಅಥವಾ ಹನಿ ಇಳಿದು ನಿಲ್ಲುವ ತುದಿಗೆ, ತೊಟ್ಟಿನ ಸುತ್ತ ಹೆಚ್ಚು. ತಿಳಿನೀಲಿ ಛಾಯೆ ಇದ್ದರೆ ಬೋರ್ಡೊ ದ್ರಾವಣದ್ದಿರಬಹುದು, ಅಂದರೆ ಮೈಲುತುತ್ತ ಮತ್ತು ಸುಣ್ಣ.

ಅರ್ಧ ಕಿಲೋ ದ್ರಾಕ್ಷಿಯನ್ನು ನಾನು ತೊಳೆಯುವುದು ಹೀಗೆ. ಗೊಂಚಲಿನಿಂದ ಹಣ್ಣನ್ನು ಕೀಳುವುದಿಲ್ಲ, ಕತ್ತರಿಯಿಂದ ಪುಟ್ಟ ತೊಟ್ಟು ಉಳಿಯುವಂತೆ ಕತ್ತರಿಸುತ್ತೇನೆ. ಕಿತ್ತರೆ ತೊಟ್ಟಿನ ಜಾಗದಲ್ಲಿ ಗಾಯವಾಗಿ, ತೊಳೆಯುವ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಒಡೆದವು, ಮೆತ್ತಗಾದವು ಈ ಹಂತದಲ್ಲೇ ಹೊರಗೆ. ಮೊದಲು ಬುಟ್ಟಿಯಲ್ಲಿಟ್ಟು ನಲ್ಲಿಯ ಕೆಳಗೆ ಧೂಳು ಇಳಿಸುತ್ತೇನೆ. ಒಂದೂವರೆ ಲೀಟರ್ ನೀರಿಗೆ ಮೂರು ಟೀ ಚಮಚ ಸೋಡಾ ಕರಗಿಸಿ ಹಣ್ಣು ಮುಳುಗಿಸಿ 15 ನಿಮಿಷ ಬಿಡುತ್ತೇನೆ, ಆಗಾಗ ಅಂಗೈಯಲ್ಲಿ ಮೆಲ್ಲಗೆ ಹೊರಳಿಸುತ್ತೇನೆ. ನೀರು ಸ್ವಲ್ಪ ಮಬ್ಬಾಗುತ್ತದೆ. ನಂತರ ಎರಡು ಸಲ ಹೊಸ ನೀರು, ಕೊನೆಗೆ ಒಣ ಬಟ್ಟೆಯ ಮೇಲೆ ಹರಡಿ ಒರೆಸುವುದು. ನೀಲಿ ಚುಕ್ಕೆ ಇದ್ದ ಹಣ್ಣಾದರೆ ಸೋಡಾ ಬದಲು ವಿನೆಗರ್ ನೀರು, ಏಕೆಂದರೆ ಸುಣ್ಣ ಬಿಡುವುದು ಹುಳಿಗೆ. ತೊಟ್ಟನ್ನು ತಿನ್ನುವಾಗ ತೆಗೆದರಾಯಿತು.

## ಸ್ವಲ್ಪ ಆಳಕ್ಕೆ

ಬೆಂಡೆಕಾಯಿಗೆ ಬಹಳ ಔಷಧಿ ಹೊಡೆಯುತ್ತಾರೆ ಎನ್ನುತ್ತಾರೆ. ಎಷ್ಟು ತೊಳೆದರೆ ಸಾಕು?

ತೊಳೆದು ಮುಗಿಸಲಾಗದ ಭಾಗ ಇರುವುದು ಇಲ್ಲೇ. ಔಷಧಿಗಳಲ್ಲಿ ಎರಡು ಬಗೆ. ಸ್ಪರ್ಶ ಔಷಧಿ ಎಲೆ, ಕಾಯಿಯ ಮೇಲೆಯೇ ಕೂರುತ್ತದೆ. ಸೈಪರ್‌ಮೆಥ್ರಿನ್, ಮ್ಯಾಂಕೋಜೆಬ್ ಈ ಬಗೆಯವು. ತೊಳೆದರೆ, ಸಿಪ್ಪೆ ತೆಗೆದರೆ ಇವು ತಗ್ಗುತ್ತವೆ. ಅಂತರ್ವ್ಯಾಪಿ ಔಷಧಿ ಗಿಡದ ರಸದಲ್ಲಿ ಸೇರಿ ಒಳಗೆಲ್ಲ ಹರಡುತ್ತದೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಅಸಿಫೇಟ್ ಹೀಗೆ. ರಸ ಹೀರುವ ಕೀಟಗಳನ್ನು ಕೊಲ್ಲಲೆಂದೇ ಅವನ್ನು ಹೀಗೆ ಮಾಡಲಾಗಿದೆ. ತಿರುಳಿನೊಳಗೆ ಸೇರಿದ್ದನ್ನು ನೀರಾಗಲಿ ಸೋಡಾ ಆಗಲಿ ತೆಗೆಯುವುದಿಲ್ಲ.

ಬೆಂಡೆಯ ತೊಡಕು ಕೊಯ್ಲಿನಲ್ಲಿದೆ. ಕಾಯಿ ಎರಡು ದಿನ ಬಿಟ್ಟರೆ ನಾರಾಗುತ್ತದೆ, ಹಾಗಾಗಿ ದಿನ ಬಿಟ್ಟು ದಿನ ಕೊಯ್ಯಲೇಬೇಕು. ಔಷಧಿ ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಎಂದು ಡಬ್ಬಿಯ ಮೇಲೆ ಬರೆದ ಅವಧಿ ಅದಕ್ಕಿಂತ ಉದ್ದವಿರುವುದು ಸಾಮಾನ್ಯ. ಕಾಯದೆ ಕೊಯ್ದ ಕಾಯಿ ಮಾರುಕಟ್ಟೆಗೆ ಬರುತ್ತದೆ.

ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಬೆಂಡೆಯ ಏಣುಗಳಲ್ಲಿ, ಸಣ್ಣ ರೋಮಗಳಲ್ಲಿ ಔಷಧಿ ಸಿಕ್ಕಿಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಒಂದೊಂದೇ ಕಾಯಿಯನ್ನು ತೊಟ್ಟಿನಿಂದ ತುದಿಗೆ ಉಜ್ಜಿ, ನಲ್ಲಿಯ ಕೆಳಗೆ ತೊಳೆದು, ಒರೆಸಿ ಒಣಗಿಸಿ, ಆಮೇಲೆ ಹೆಚ್ಚಿ. ಲೋಳೆ ಬರದಿರಲಿ ಎಂದು ನಾವು ಹೇಗೂ ಒರೆಸುತ್ತೇವಲ್ಲ. ತೊಟ್ಟಿನ ಟೋಪಿಯನ್ನು ಸ್ವಲ್ಪ ಧಾರಾಳವಾಗಿಯೇ ತೆಗೆಯಿರಿ. ಉಳಿದದ್ದಕ್ಕೆ, ದಿನವೂ ಒಂದೇ ತರಕಾರಿ ತಿನ್ನದೆ ಬದಲಿಸುವುದು ತೊಳೆಯುವುದಕ್ಕಿಂತ ಹೆಚ್ಚು ಉಪಯುಕ್ತ.

ಸಿಪ್ಪೆ ತೆಗೆದುಬಿಟ್ಟರೆ, ಇಲ್ಲವೇ ಚೆನ್ನಾಗಿ ಬೇಯಿಸಿದರೆ ತೊಳೆಯುವುದೇ ಬೇಡವಲ್ಲ?

ಮೇಲ್ಮೈಯ ಔಷಧಿಗೆ ಸಿಪ್ಪೆ ತೆಗೆಯುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಎಲೆಕೋಸಿನ ಹೊರಗಿನ ಎರಡು ಮೂರು ಎಲೆ ಬಿಸಾಡುವುದೂ ಸಿಪ್ಪೆ ತೆಗೆದಂತೆಯೇ. ಆದರೆ ತೊಳೆದು ಸಿಪ್ಪೆ ತೆಗೆಯಿರಿ. ಇಲ್ಲದಿದ್ದರೆ ಸಿಪ್ಪೆ ಸುಲಿದ ಕೈ, ಚಾಕು, ಈಳಿಗೆಮಣೆ ಎಲ್ಲವೂ ಕೊಳೆಯನ್ನು ತಿರುಳಿಗೆ ಹಚ್ಚುತ್ತವೆ.

ಬೇಯಿಸುವುದರಿಂದ ರೋಗಾಣು ಸಾಯುತ್ತದೆ, ಕೆಲವು ಔಷಧಿಗಳೂ ಒಡೆಯುತ್ತವೆ, ಕೆಲವು ಹಾಗೇ ಉಳಿಯುತ್ತವೆ. ಒಂದರ ವಿಷಯದಲ್ಲಂತೂ ತೊಳೆಯದೆ ಬೇಯಿಸುವುದು ಕೆಡುಕು. ಟೊಮ್ಯಾಟೊ, ಆಲೂಗಡ್ಡೆ, ದ್ರಾಕ್ಷಿಗೆ ಹೊಡೆಯುವ ಮ್ಯಾಂಕೋಜೆಬ್ ಬಿಸಿಗೆ ಒಡೆದು ಇಥಿಲೀನ್ ಥಯೋಯೂರಿಯಾ ಎಂಬ ವಸ್ತುವಾಗುತ್ತದೆ. ಅದು ಥೈರಾಯ್ಡ್ ಗ್ರಂಥಿಗೆ ಹಾನಿ ಮಾಡುವಂಥದ್ದು. ಮ್ಯಾಂಕೋಜೆಬ್ ಕೂರುವುದು ಮೇಲ್ಮೈಯಲ್ಲಿ, ಆದ್ದರಿಂದ ಒಲೆಗೆ ಹೋಗುವ ಮುಂಚೆ ಉಜ್ಜಿ ತೊಳೆದರೆ ಬಹುಪಾಲು ತಪ್ಪಿಸಬಹುದು.

ಎಲೆಕೋಸಿನ ಹುಳು ತಲೆಗೆ ಹತ್ತುತ್ತದಂತೆ. ನಿಜವೇ? ಅದಕ್ಕೆ ನಾವು ಕೋಸು ತಿನ್ನುವುದನ್ನೇ ಬಿಟ್ಟಿದ್ದೇವೆ.

ನೀವು ನೋಡುವ ಹಸಿರು ಹುಳು ಚಿಟ್ಟೆಯ ಇಲ್ಲವೇ ಪತಂಗದ ಮರಿ. ಅದು ಬೆಂದರೆ ಬೆಂದಿತು, ನಿಮ್ಮ ದೇಹದಲ್ಲಿ ಬದುಕಲಾರದು. ಮೆದುಳಿಗೆ ಹೋಗುವುದು ಬೇರೆಯೇ ಜೀವಿ, ಹಂದಿಯ ಲಾಡಿಹುಳುವಿನ ಮೊಟ್ಟೆಯಿಂದ ಹೊರಬರುವ ಮರಿ. ಆ ಮೊಟ್ಟೆ ಇರುವುದು ಲಾಡಿಹುಳು ಹೊತ್ತ ಮನುಷ್ಯನ ಮಲದಲ್ಲಿ. ಚರಂಡಿ ನೀರು ಹಾಯಿಸಿದ ಹೊಲದ ಯಾವ ತರಕಾರಿಯ ಮೇಲಾದರೂ ಅದು ಇರಬಹುದು. ಕೋಸಿನಲ್ಲಿ ಮಡಿಕೆ ಹೆಚ್ಚು, ಅದಕ್ಕೇ ಅದಕ್ಕೆ ಕೆಟ್ಟ ಹೆಸರು. ಹಂದಿ ಮಾಂಸ ಮುಟ್ಟದ ಸಸ್ಯಾಹಾರಿಗಳಿಗೂ ಮೆದುಳಿನ ಈ ಕಾಯಿಲೆ ಬರುವುದು ಹೀಗೆ. ಅದರಿಂದ ಫಿಟ್ಸ್ ಬರುತ್ತದೆ.

ಮೊಟ್ಟೆ ಕಣ್ಣಿಗೆ ಕಾಣದಷ್ಟು ಚಿಕ್ಕದು, ಅಂಟು ಗುಣದ್ದು, ಕ್ಲೋರಿನ್ನಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಕುದಿಸಿದರೆ ಸಾಯುತ್ತದೆ. ಆದ್ದರಿಂದ ಪಲ್ಯಕ್ಕೆ, ಸಾಗುವಿಗೆ ಕೋಸು ಧಾರಾಳವಾಗಿ ತಿನ್ನಿ. ಹಸಿಯಾಗಿ ತಿನ್ನುವುದಿದ್ದರೆ ಹೊರ ಎಲೆ ತೆಗೆದು, ಒಳಗಿನವನ್ನು ಒಂದೊಂದಾಗಿ ಬಿಡಿಸಿ, ಎರಡೂ ಬದಿ ಉಜ್ಜಿ ತೊಳೆಯಿರಿ. ಇಡೀ ಗಡ್ಡೆಯನ್ನು ಹೊರಗಿನಿಂದ ತೊಳೆದು ತುರಿದರೆ ಏನೂ ಮಾಡಿದಂತಾಗುವುದಿಲ್ಲ.

ಹಸಿಯಾಗಿ ತಿನ್ನುವುದಕ್ಕೆ ಬ್ಲೀಚ್ ಬಳಸಬಹುದೇ? ಕೊರೊನಾ ಸಮಯದಲ್ಲಿ ಹೇಳುತ್ತಿದ್ದರು.

ಹೌದು, ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಆಗ 50 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 50 ಪಾಲು, ಕ್ಲೋರಿನ್ ಬಗ್ಗೆ ಹೇಳಿತ್ತು. ಇದು ರೋಗಾಣುವಿಗೆ, ಔಷಧಿಗಲ್ಲ. ಮನೆಯಲ್ಲಿ ಎಳೆಯ ಮಗು, ಬಸುರಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದು, ಹಸಿ ತರಕಾರಿ ಕೊಡಲೇಬೇಕಾದರೆ ಮಾತ್ರ ನಾನು ಈ ದಾರಿ ಹೇಳುತ್ತೇನೆ. ಅವರಿಗೂ ಬೇಯಿಸಿದ್ದೇ ಮೇಲು.

ಸುವಾಸನೆ, ಸೋಪು ಏನೂ ಸೇರದ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ ಬೇಕು. ಬಾಟಲಿಯ ಮೇಲೆ ಶೇಕಡಾ 4ರಿಂದ 5 ಎಂದಿದ್ದರೆ, ಲೀಟರ್ ನೀರಿಗೆ 1 ಮಿಲಿಲೀಟರ್ ಹಾಕಿದರೆ 40ರಿಂದ 50 ಪಿಪಿಎಂ ಆಗುತ್ತದೆ. ಸೂಜಿ ಇಲ್ಲದ ಹೊಸ ಸಿರಿಂಜಿನಿಂದ ಅಳೆಯಿರಿ, ಅಂದಾಜಿಗೆ ಸುರಿಯಬೇಡಿ. ಮೊದಲು ಮಣ್ಣು ಪೂರ್ತಿ ಹೋಗಿರಬೇಕು, ಏಕೆಂದರೆ ಮಣ್ಣು, ಎಲೆಚೂರು ಕ್ಲೋರಿನ್ನನ್ನು ತಾವೇ ನುಂಗಿಬಿಡುತ್ತವೆ. 5 ನಿಮಿಷ ಮುಳುಗಿಸಿ, ಕುಡಿಯುವ ನೀರಿನಲ್ಲಿ ಚೆನ್ನಾಗಿ ಜಾಲಾಡಿ. ಇದಕ್ಕೆ ವಿನೆಗರ್, ನಿಂಬೆರಸ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಔಷಧಿ ತೆಗೆಯಲು ಬ್ಲೀಚ್ ಏಕೆ ಬೇಡ ಎಂದರೆ, ಕ್ಲೋರ್‌ಪೈರಿಫಾಸ್‌ನಂಥವನ್ನು ಅದು ಆಕ್ಸಾನ್ ಎಂಬ ರೂಪಕ್ಕೆ ತಿರುಗಿಸಬಲ್ಲದು. ಅದು ಮೂಲಕ್ಕಿಂತ ಹೆಚ್ಚು ವಿಷ. ಓಜೋನ್ ಯಂತ್ರ ಕೊಳ್ಳಬೇಕೇ ಎಂದು ಕೇಳುವವರಿಗೂ ಇದನ್ನೇ ಹೇಳುತ್ತೇನೆ. ಓಜೋನ್ ಕೂಡ ಬ್ಲೀಚಿನಂತೆಯೇ ಉತ್ಕರ್ಷಿಸುವ, ಅಂದರೆ ಆಮ್ಲಜನಕ ಸೇರಿಸಿ ರೂಪ ಬದಲಿಸುವ ವಸ್ತು.

ಮೊಳಕೆ ಕಾಳು ನಾವೇ ಮನೆಯಲ್ಲಿ ಕಟ್ಟುತ್ತೇವೆ. ಅದಕ್ಕೇನು ಭಯ?

ರೋಗಾಣು ಬೀಜದ ಬಿರುಕಿನೊಳಗೇ ಇದ್ದರೆ ನಿಮ್ಮ ಶುಚಿತ್ವ ಅದನ್ನು ತಡೆಯುವುದಿಲ್ಲ. ಬೆಚ್ಚಗೆ, ಒದ್ದೆಯಾಗಿ ಕಟ್ಟಿಟ್ಟ ಬಟ್ಟೆ ಅದಕ್ಕೂ ಹಿತವೇ. 2011ರಲ್ಲಿ ಜರ್ಮನಿಯಲ್ಲಿ ಸುಮಾರು 4,000 ಜನರನ್ನು ಮಲಗಿಸಿ, 50ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಇ. ಕೋಲಿ ಹರಡಿದ್ದು ಮೆಂತ್ಯದ ಮೊಳಕೆಯಿಂದ. ತನಿಖೆ ತಲುಪಿದ್ದು ಈಜಿಪ್ಟಿನಿಂದ ಬಂದ ಮೆಂತ್ಯದ ಕಾಳಿಗೆ. ಮೊಳಕೆಯನ್ನು ಎಷ್ಟು ತೊಳೆದರೂ ಒಳಗಿರುವುದು ಹೋಗದು. ಹೆಸರುಕಾಳಿನ ಮೊಳಕೆಯನ್ನು ಉಸುಲಿ ಮಾಡಿ, ಹಬೆಯಲ್ಲಿ ಬೇಯಿಸಿ. ಹಸಿ ಬೇಡ.

ಸಾವಯವ ತರಕಾರಿ ತರುತ್ತೇವೆ. ಅದನ್ನೂ ಇಷ್ಟೆಲ್ಲ ತೊಳೆಯಬೇಕೇ?

ಸೋಡಾದಲ್ಲಿ ನೆನೆಸುವುದನ್ನು ಬಿಡಬಹುದು. ಆದರೆ ಸಗಣಿ, ಗಂಜಲ, ಜೀವಾಮೃತ ಹಾಕಿ ಬೆಳೆದ ಸೊಪ್ಪಿಗೆ ಮೂರು ನೀರು ತಪ್ಪಿಸುವಂತಿಲ್ಲ. ಗಿಡಕ್ಕೆ ಒಳ್ಳೆಯದಾದ ಸಗಣಿ ಹೊಟ್ಟೆಗೂ ಒಳ್ಳೆಯದೆಂದು ಅರ್ಥವಲ್ಲ.

ನಾವು ಬೆಳೆಯುವವರು. ಮನೆಗೆ ಕೊಯ್ಯುವ ಸಾಲಿಗಾದರೂ ಏನು ಮಾಡಬಹುದು?

ಈ ಪ್ರಶ್ನೆ ಕೇಳುವವರಿಗೆ ನಾನು ಮೊದಲು ಕೃತಜ್ಞ. ಗ್ರಾಹಕ ತೊಳೆದು ತೆಗೆಯಲಾಗದ್ದನ್ನು ನೀವು ಕಾದು ತಪ್ಪಿಸಬಲ್ಲಿರಿ. ಡಬ್ಬಿಯ ಚೀಟಿಯಲ್ಲಿ ಬೆಳೆಯ ಹೆಸರಿನ ಎದುರು ಕೊಯ್ಲಿಗೆ ಮುನ್ನ ಕಾಯಬೇಕಾದ ದಿನಗಳನ್ನು ಅಚ್ಚು ಹಾಕಿರುತ್ತಾರೆ. ನಿಮ್ಮ ಬೆಳೆಯ ಹೆಸರೇ ಅಲ್ಲಿಲ್ಲದಿದ್ದರೆ ಆ ಔಷಧಿ ಆ ಬೆಳೆಗಲ್ಲ. ಮಾನೋಕ್ರೋಟೋಫಾಸ್ ತರಕಾರಿಗೆ 2005ರಿಂದಲೇ ನಿಷಿದ್ಧ.

ಬೆಂಡೆ, ಬದನೆಯಲ್ಲಿ ಅಂದಿನ ಕೊಯ್ಲು ಮುಗಿಸಿ, ಸಂಜೆ ಸಿಂಪಡಿಸಿ. ಬೆಳೆದು ನಿಂತ ಕಾಯಿ ಗಿಡದಲ್ಲಿ ಉಳಿಯದಂತೆ ಮೊದಲೇ ಬಿಡಿಸಿಕೊಳ್ಳುವುದು ಇದರಲ್ಲಿ ಮುಖ್ಯ. ಹೊಡೆದ ಸಾಲಿನ ತಲೆಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟಿ, ತಾರೀಖು ಬರೆದಿಡಿ. ಕಾಯುವ ದಿನಗಳೊಳಗೆ ಬಲಿತ ಕಾಯಿಯನ್ನು ಕೊಯ್ದು ಬಿಸಾಡಿ. ಇಲ್ಲವೇ ಹೊಲವನ್ನು ಎರಡು ಭಾಗ ಮಾಡಿ, ಒಂದು ಭಾಗ ಕಾಯುತ್ತಿರುವಾಗ ಇನ್ನೊಂದರಲ್ಲಿ ಕೊಯ್ಯಿರಿ. ಬಟ್ಟೆ ಕಟ್ಟಿದ ಸಾಲಿಗೆ ಕೂಲಿಯವರು ಕೈ ಹಾಕದಂತೆ ಬೆಳಗ್ಗೆಯೇ ತೋರಿಸಿಡಿ.